2058ರಲ್ಲಿ ಹುಟ್ಟಿದವರನ್ನು ಡಿಲೀಟ್ ಮಾಡಬೇಡಿ

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ 2024ರ ಫೆಬ್ರವರಿಯಲ್ಲಿ ನಡೆದ ಬಿಪಿ ತಪಾಸಣಾ ಶಿಬಿರದ ಎಕ್ಸೆಲ್ ಫೈಲ್ ನನ್ನ ಕೈಗೆ ಬಂದಿದೆ. ಒಟ್ಟು 4,180 ಜನ. ಸಿಎಸ್‌ವಿ ಮಾಡಿ ಪಾಂಡಾಸ್‌ನಲ್ಲಿ ಓದಿಸಿದರೆ 1,046 ಜನರ ಹುಟ್ಟಿದ ದಿನ ಶಿಬಿರ ಮುಗಿದ ಮೇಲೆ ಬರುತ್ತದೆ, 2058, 2063 ಅಂತೆಲ್ಲ! 38 ಜನರ ವಯಸ್ಸು 124. ಮಾತ್ರೆ ಕೊಟ್ಟ ಕಾಲಂನಲ್ಲಿ -10, -30 ಇದೆ. ಇವನ್ನೆಲ್ಲ ತೆಗೆದುಹಾಕಿ ಮುಂದಿನ ಲೆಕ್ಕ ಮಾಡಬಹುದಾ? (ಹೆಸರು ಕಾಲಂ ತೆಗೆದು ಫೈಲ್ ಜೊತೆಗಿಟ್ಟಿದ್ದೇನೆ.)

ಉತ್ತರ: ಸದ್ಯಕ್ಕೆ ಒಂದು ಸಾಲನ್ನೂ ತೆಗೆಯಬೇಡಿ. ಆ ಸಾವಿರ ಚಿಲ್ಲರೆ ಜನರನ್ನು ತೆಗೆದರೆ ನಿಮ್ಮ ಶಿಬಿರಕ್ಕೆ ಬಂದ ವಯಸ್ಸಾದವರೆಲ್ಲ ಒಟ್ಟಿಗೆ ಹೊರಟುಹೋಗುತ್ತಾರೆ. ಬಿಪಿ ಜಾಸ್ತಿ ಇರುವುದೇ ಅವರಲ್ಲಿ ಅಲ್ವಾ? ಉಳಿದವರ ಲೆಕ್ಕ ಹಾಕಿದರೆ ತಾಲ್ಲೂಕಿನಲ್ಲಿ ಬಿಪಿ ತೊಂದರೆ ಕಡಿಮೆ ಅಂತ ಉತ್ತರ ಬರುತ್ತದೆ. ನೋಡಿದವರಿಗೆ ಅನುಮಾನವೂ ಬರುವುದಿಲ್ಲ.

ಇವರು ಯಾರು ಅಂತ ತಿಳಿಯಲು, ತಪ್ಪಾಗಿ ಬಂದಿರುವ ವರ್ಷಗಳನ್ನು ಎಣಿಸಿದರೆ ಸಾಕು.

```python
fmt = "%d-%m-%y"
dob = pd.to_datetime(df["dob"], format=fmt, errors="coerce")
visit = pd.to_datetime(df["visit"], format=fmt)
future = dob > visit
print(dob[future].dt.year.value_counts().sort_index())
```

ಇಲ್ಲಿ ಹೋಲಿಕೆ ಶಿಬಿರದ ದಿನದ ಜೊತೆ ಇದೆ, ಇವತ್ತಿನ ದಿನಾಂಕದ ಜೊತೆ ಅಲ್ಲ. ಇದನ್ನು ನೀವು ಸರಿಯಾಗಿಯೇ ಮಾಡಿದ್ದೀರಿ, ಆದರೆ ಬಹಳ ಜನ ಇಲ್ಲೇ ಎಡವುತ್ತಾರೆ. ಫೆಬ್ರವರಿಯಲ್ಲಿ ತೂಕ ನೋಡಿಸಿಕೊಂಡ ಮಗು ಅಕ್ಟೋಬರ್‌ನಲ್ಲಿ ಹುಟ್ಟಿದೆ ಅಂತಿದ್ದರೆ ಅದು ಆಗದ ಮಾತು. ಇವತ್ತಿನ ದಿನಾಂಕ ಇಟ್ಟುಕೊಂಡು ಹುಡುಕಿದರೆ ಆ ಮಗು ಸಿಕ್ಕುವುದೇ ಇಲ್ಲ, ಯಾಕೆಂದರೆ ಆ ಅಕ್ಟೋಬರ್ ಈಗ ಕಳೆದುಹೋಗಿದೆ.

ನಿಮ್ಮ ಫೈಲ್‌ನಲ್ಲಿ ಇದನ್ನು ಓಡಿಸಿ ನೋಡಿದೆ. 1,043 ಜನರ ವರ್ಷ 2031ರಿಂದ 2068ರ ಒಳಗಿದೆ. 2069 ಅಂತ ಒಬ್ಬರೂ ಇಲ್ಲ. ಇನ್ನೊಂದು ಕಡೆ, 1969ಕ್ಕಿಂತ ಮುಂಚೆ ಹುಟ್ಟಿದವರೂ ಒಬ್ಬರೂ ಇಲ್ಲ. ಬಿಪಿ ಶಿಬಿರಕ್ಕೆ 55 ದಾಟಿದವರು ಒಬ್ಬರೂ ಬರಲಿಲ್ಲ ಅಂದರೆ ನಂಬಲು ಆಗುತ್ತದಾ? ಅವರು ಬಂದಿದ್ದಾರೆ. 2031ರಿಂದ 2068ರ ಸಾಲುಗಳಲ್ಲಿ ಕುಳಿತಿದ್ದಾರೆ.

ಆ 68ರ ಗಡಿಯೇ ಕಾರಣ ಹೇಳುತ್ತದೆ. ಪೈಥಾನ್‌ನಲ್ಲಿ `%y` ಅಂದರೆ ಎರಡೇ ಅಂಕಿಯ ವರ್ಷ. 69ರಿಂದ 99 ಬಂದರೆ ಅದು 1969–1999 ಅಂತ ಓದುತ್ತದೆ. 00ರಿಂದ 68 ಬಂದರೆ 2000–2068. ಹಾಗಾಗಿ 58 ಅಂತ ಬರೆದ ಅಜ್ಜನ ವರ್ಷ 2058 ಆಯಿತು.

ನಾಲ್ಕು ಅಂಕಿಯ ವರ್ಷ ಎರಡಾಗಿದ್ದು ಎಲ್ಲಿ? ನೀವು ಸಿಎಸ್‌ವಿ ಮಾಡಿದಾಗ. ಎಕ್ಸೆಲ್ ದಿನಾಂಕವನ್ನು ಒಳಗೆ ಒಂದು ಸಂಖ್ಯೆಯಾಗಿ ಇಟ್ಟುಕೊಂಡಿರುತ್ತದೆ, ಹೊರಗೆ ಯಾವ ರೂಪದಲ್ಲಿ ತೋರಿಸಬೇಕೋ ಹಾಗೆ ತೋರಿಸುತ್ತದೆ. ಸಿಎಸ್‌ವಿಯಾಗಿ ಉಳಿಸಿದಾಗ ಫೈಲ್‌ಗೆ ಹೋಗುವುದು ಪರದೆಯ ಮೇಲೆ ಕಾಣುವ ರೂಪ. ಕಾಲಂನ ರೂಪ `dd-mm-yy` ಅಂತಿದ್ದರೆ ಒಳಗೆ 1958 ಸರಿಯಾಗಿದ್ದರೂ ಹೊರಗೆ ಬರುವುದು ಬರೀ 58.

ಇದು ಸುಮ್ನೆ ಊಹೆ ಅಲ್ಲ ಅಂತ ತೋರಿಸಲು ನಿಮ್ಮ ಫೈಲ್‌ನಲ್ಲೇ ಸಾಕ್ಷಿ ಇದೆ. ವಯಸ್ಸಿನ ಕಾಲಂ ಎಕ್ಸೆಲ್‌ನಲ್ಲೇ ಲೆಕ್ಕ ಹಾಕಿದ್ದು. ಒಂದು ಸಾಲು ನೋಡಿ: ಹುಟ್ಟಿದ ದಿನ 14-08-58, ಶಿಬಿರದ ದಿನ 18-02-24, ವಯಸ್ಸು 65. ಎಕ್ಸೆಲ್‌ಗೆ ಅದು 1958 ಅಂತ ಗೊತ್ತಿತ್ತು, ಇಲ್ಲದಿದ್ದರೆ 65 ಬರುತ್ತಿರಲಿಲ್ಲ. ಈ 1,043 ಸಾಲುಗಳಲ್ಲೂ ನೂರು ವರ್ಷ ಹಿಂದೆ ಹೋದರೆ ವಯಸ್ಸಿನ ಕಾಲಂ ಜೊತೆ ತಾಳೆಯಾಗುತ್ತದೆ.

ಹಾಗಾಗಿ ಎಕ್ಸೆಲ್ ಫೈಲ್ ತೆರೆದು, ಆ ಕಾಲಂನ ರೂಪವನ್ನು `dd-mm-yyyy` ಮಾಡಿ, ಮತ್ತೆ ಸಿಎಸ್‌ವಿ ತೆಗೆಯಿರಿ. ಪೈಥಾನ್‌ನಲ್ಲಿ `%y` ಬದಲು `%Y` ಹಾಕಿ. ಶಿಬಿರದ ದಿನದ ಕಾಲಂಗೂ ಇದೇ ಮಾಡಿ. ಸಾವಿರ ಜನ ಒಂದೇ ಸಲಕ್ಕೆ ತಮ್ಮ ಜಾಗಕ್ಕೆ ಬರುತ್ತಾರೆ.

ಮೂಲ ಎಕ್ಸೆಲ್ ಕಳೆದುಹೋಗಿದ್ದರೆ ನೂರು ವರ್ಷ ಕಳೆಯುವ ದಾರಿಯೂ ಇತ್ತು. ಆದರೆ ಮುಂದೆ ಹುಟ್ಟಿದವರೆಲ್ಲರಿಗೂ ಕಣ್ಣುಮುಚ್ಚಿ ಕಳೆಯಬಾರದು. 1,046ರಲ್ಲಿ ಉಳಿದ ಮೂವರನ್ನು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಅವರ ವರ್ಷ 2024, ಶಿಬಿರ ನಡೆದ ವರ್ಷವೇ. ಒಬ್ಬರದು 01-10-24, ತೂಕ 4 ಕೆಜಿ. ತಾಯಿಯ ಜೊತೆ ಬಂದ ಕೂಸು ಅದು. ನೂರು ವರ್ಷ ಕಳೆದರೆ 4 ಕೆಜಿ ತೂಕದ, 99 ವರ್ಷದ ವ್ಯಕ್ತಿಯಾಗುತ್ತದೆ. ಅಲ್ಲಿ ಆಗಿರುವುದು ಬೇರೆ. ಯಾರೋ 10/1/24 ಅಂತ ಬರೆದಿದ್ದಾರೆ, ಜನವರಿ ಹತ್ತು ಅನ್ನುವ ಅರ್ಥದಲ್ಲಿ. ಆ ಲ್ಯಾಪ್‌ಟಾಪ್ ಅಮೆರಿಕದ ಕ್ರಮದಲ್ಲಿ ತಿಂಗಳನ್ನು ಮೊದಲು ಓದಿ ಅಕ್ಟೋಬರ್ ಒಂದು ಮಾಡಿದೆ. ತಿದ್ದಿದರೆ ಕೂಸಿಗೆ ಐದೂವರೆ ವಾರ, ತೂಕಕ್ಕೆ ಸರಿಹೋಗುತ್ತದೆ. ಈ ಸಾಲುಗಳ ವಯಸ್ಸಿನ ಕಾಲಂನಲ್ಲಿ `#NUM!` ಅಂತ ಇರುವುದೂ ಅದಕ್ಕೇ. ಮೊದಲ ದಿನಾಂಕ ಎರಡನೆಯದಕ್ಕಿಂತ ಮುಂದಿದ್ದರೆ `DATEDIF` ಕೊಡುವ ಉತ್ತರ ಅದು.

ಈ ಮೂರು ಸಾಲು ತಿದ್ದಿ ಸುಮ್ಮನಾಗಬೇಡಿ. ಆ ಲ್ಯಾಪ್‌ಟಾಪ್‌ನಲ್ಲಿ ಇದೇ ರೀತಿ ಟೈಪ್ ಮಾಡಿದ್ದರೆ, ದಿನ 12 ಅಥವಾ ಅದಕ್ಕಿಂತ ಕಡಿಮೆ ಇರುವ ಎಲ್ಲರ ದಿನ-ತಿಂಗಳು ಅದಲು ಬದಲಾಗಿರುತ್ತದೆ. ಕೂಸುಗಳಲ್ಲಿ ಮಾತ್ರ ಅದು ಆಗದ ಮಾತಾಗಿ ಕಣ್ಣಿಗೆ ಬಿತ್ತು, ಅಷ್ಟೇ. ದಿನ 12 ದಾಟಿದ್ದನ್ನು ಎಕ್ಸೆಲ್ ದಿನಾಂಕ ಅಂತ ಗುರುತಿಸದೆ ಬರೀ ಅಕ್ಷರವಾಗಿ ಇಟ್ಟುಕೊಂಡಿರುತ್ತದೆ. ಅಂಥವು ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ, ನಿಜವಾದ ದಿನಾಂಕ ಬಲಕ್ಕೆ. ಕಾಲಂನ ಅಗಲ ಸ್ವಲ್ಪ ಹಿಗ್ಗಿಸಿ ನೋಡಿ, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಆ ಲ್ಯಾಪ್‌ಟಾಪ್ ಕೆಲಸ ಮಾಡಿದೆ ಅಂತ ಕಂಡುಬಿಡುತ್ತದೆ. ದೊಡ್ಡವರ ವಯಸ್ಸಿನಲ್ಲಿ ಹೆಚ್ಚೆಂದರೆ ಒಂದು ವರ್ಷದ ವ್ಯತ್ಯಾಸ, ನಿಮ್ಮ ಬಿಪಿ ಲೆಕ್ಕಕ್ಕೆ ದೊಡ್ಡ ತೊಂದರೆ ಇಲ್ಲ. ಇದೇ ಫೈಲ್‌ನಿಂದ ಮಕ್ಕಳ ಲಸಿಕೆ ಪಟ್ಟಿ ಮಾಡುವವರಿದ್ದರೆ ಮಾತ್ರ ಅವರಿಗೆ ಖಂಡಿತ ಹೇಳಿ.

ಇನ್ನೊಬ್ಬರು ನಿಮ್ಮ ಜಾಲರಿಯಲ್ಲಿ ಸಿಗದೆ ಹೋಗಿದ್ದಾರೆ. ಹುಟ್ಟಿದ ವರ್ಷ 2022, ವಯಸ್ಸು 1. ತೂಕ 41 ಕೆಜಿ, ಬಿಪಿ 158/90. ದಿನಾಂಕವೊಂದನ್ನೇ ನೋಡಿದರೆ ತಪ್ಪೇ ಇಲ್ಲ. ಪಕ್ಕದ ಕಾಲಂ ಜೊತೆ ಇಟ್ಟು ನೋಡಿದಾಗ ಮಾತ್ರ ಇವರು ಮಗುವಲ್ಲ ಅಂತ ಗೊತ್ತಾಗುವುದು. ಟೈಪ್ ಮಾಡುವಾಗಲೇ 22 ಅಂತ ಹೊಡೆದಿರಬೇಕು. ಎಕ್ಸೆಲ್‌ಗೂ ಒಂದು ಗಡಿ ಇದೆ, ಸಾಮಾನ್ಯವಾಗಿ 29ರವರೆಗೆ 2000ದ ಲೆಕ್ಕ, 30ರಿಂದ ಮೇಲೆ 1900ರ ಲೆಕ್ಕ. ಕಂಪ್ಯೂಟರ್‌ನ ಸೆಟ್ಟಿಂಗ್ ನೋಡಿಕೊಂಡು ಈ ಗಡಿ ಬದಲಾಗುವುದೂ ಉಂಟು. ಇವರು 1922ರಲ್ಲಿ ಹುಟ್ಟಿದ 101 ವರ್ಷದವರು ಇರಬಹುದು. ಇರಬಹುದು ಅಂತ ಮಾತ್ರ ಹೇಳುತ್ತಿದ್ದೇನೆ, ರಿಜಿಸ್ಟರ್ ನೋಡದೆ ತಿದ್ದಬೇಡಿ. ಐದು ವರ್ಷದೊಳಗಿನವರಲ್ಲಿ 25 ಕೆಜಿಗಿಂತ ಜಾಸ್ತಿ ತೂಕ ಇರುವವರನ್ನು ಹುಡುಕಿದರೆ ಇಂಥವರು ಸಿಗುತ್ತಾರೆ.

ಇನ್ನು ಆ 124. ಮನುಷ್ಯರು ಬದುಕಿದ ಅತಿ ಹೆಚ್ಚು ವಯಸ್ಸು, ದಾಖಲೆ ಪರಿಶೀಲಿಸಿ ಒಪ್ಪಿದ್ದು, ಫ್ರಾನ್ಸಿನ ಜೀನ್ ಕಾಲ್ಮಾ ಅವರದು. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು, 122 ವರ್ಷ 164 ದಿನ. ಹಾಗಾಗಿ 122 ದಾಟಿದ್ದು ತಪ್ಪು ಅಂತ ಧೈರ್ಯವಾಗಿ ಹೇಳಬಹುದು. ಆದರೆ ನನ್ನ ಗಮನ ಹೋಗಿದ್ದು ಬೇರೆ ಕಡೆ. 38 ಜನರದ್ದೂ 124, ಒಬ್ಬರದೂ 123 ಅಲ್ಲ, 125 ಅಲ್ಲ. ಕೈತಪ್ಪಿನಿಂದ ಆಗಿದ್ದರೆ 142, 165, 211 ಅಂತ ಚೆದುರಿರುತ್ತಿತ್ತು. ಎಲ್ಲವೂ ಒಂದೇ ಅಂದರೆ ಸೂತ್ರದಿಂದ ಬಂದದ್ದು. ಹುಟ್ಟಿದ ದಿನದ ಸೆಲ್ ಖಾಲಿ ಇದ್ದರೆ ಎಕ್ಸೆಲ್ ಅದನ್ನು ಸೊನ್ನೆ ಅಂತ ಎಣಿಸುತ್ತದೆ. ಅದರ ದಿನಾಂಕಗಳ ಎಣಿಕೆ ಶುರುವಾಗುವುದು 1900ರಿಂದ. 1900ರಿಂದ 2024ಕ್ಕೆ 124. ಅಂದರೆ ಇವರು ವಯಸ್ಸು ಹೇಳದ 38 ಜನ. ಮುದುಕರೂ ಇರಬಹುದು, ಹುಡುಗರೂ ಇರಬಹುದು. ವಯಸ್ಸನ್ನು ಖಾಲಿ ಮಾಡಿ, ಸಾಲನ್ನು ಉಳಿಸಿ. ಅವರ ಬಿಪಿ ಅಳತೆ ನಿಜವಾದದ್ದೇ, ಒಟ್ಟು ಲೆಕ್ಕದಲ್ಲಿ ಅದು ಬೇಕು.

ಖಾಲಿ ಸೆಲ್ ಎಲ್ಲ ಕಡೆಯೂ ಹೀಗೆ ಎದ್ದು ಕಾಣುವುದಿಲ್ಲ. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಸೊನ್ನೆ ಅಂದರೆ 1-1-1970. ಅಲ್ಲಿಂದ ಬಂದಿದ್ದರೆ ಇದೇ 38 ಜನ 54 ವರ್ಷದವರಾಗಿ ಯಾರ ಕಣ್ಣಿಗೂ ಬೀಳದೆ ಕುಳಿತಿರುತ್ತಿದ್ದರು. ಅದಕ್ಕೇ ಅತಿ ಹೆಚ್ಚು ಸಲ ಬಂದಿರುವ ಹತ್ತು ಹುಟ್ಟಿದ ದಿನಗಳನ್ನು ಯಾವಾಗಲೂ ತೆಗೆದು ನೋಡಿ. ನಮ್ಮ ಕಡೆ ಜೂನ್ 1 ಮತ್ತು ಜನವರಿ 1 ಹೇಗೂ ಮೇಲೆ ಬರುತ್ತವೆ. ಒಂದನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು, ಇನ್ನೊಂದು ಆಧಾರ್‌ಗೆ ಅಂದಾಜು ವಯಸ್ಸು ಹೇಳಿದಾಗ ಬಂದದ್ದು. ಅವು ಬೇರೆ ಬೇರೆ ವರ್ಷಗಳಲ್ಲಿ ಹರಡಿರುತ್ತವೆ, ಅವನ್ನು ಹಾಗೇ ಬಿಡಿ. ಒಂದೇ ವರ್ಷದ ಒಂದೇ ದಿನ ಗುಂಪಾಗಿದ್ದರೆ ಮಾತ್ರ ಹುಡುಕಿ.

ಮಾತ್ರೆಯ ಮೈನಸ್ ಬಗ್ಗೆ ಹೇಳುವ ಮುಂಚೆ ಒಂದು ಉದಾಹರಣೆ. ಡೇಟಾ ಕಲಿಯುವವರು ಬಹಳ ಬಳಸುವ `Online Retail` ಅನ್ನುವ ಡೇಟಾಸೆಟ್ ಇದೆ, ಬ್ರಿಟನ್ನಿನ ಒಂದು ಅಂಗಡಿಯ 2010–11ರ ಬಿಲ್ಲುಗಳು, 5,41,909 ಸಾಲು. ಅದರಲ್ಲಿ 2011ರ ಡಿಸೆಂಬರ್ 9ರ ಬೆಳಿಗ್ಗೆ 9:15ಕ್ಕೆ ಒಂದು ಬಿಲ್ಲು, 80,995 ಕಾಗದದ ಹಕ್ಕಿಗಳು. 9:27ಕ್ಕೆ ಇನ್ನೊಂದು, ಅದೇ ವಸ್ತು, -80,995. ಬಿಲ್ ನಂಬರಿನ ಮುಂದೆ `C` ಇದೆ, ರದ್ದಾಗಿದೆ ಅಂತ. ಮೈನಸ್ ಆಗದ ಮಾತು ಅಂತ ಎರಡನೆಯದನ್ನು ಅಳಿಸಿದರೆ 1,68,469.60 ಪೌಂಡಿನ ನಡೆಯದ ವ್ಯಾಪಾರ ಲೆಕ್ಕದಲ್ಲಿ ಉಳಿದುಬಿಡುತ್ತದೆ. ಮೈನಸ್ ಇರುವ ಎಲ್ಲ ಸಾಲೂ ಹೀಗಿಲ್ಲ ಅನ್ನಿ. 10,624ರಲ್ಲಿ 9,288ಕ್ಕೆ `C` ಇದೆ. ಉಳಿದ 1,336ರಲ್ಲಿ ಬೆಲೆ ಸೊನ್ನೆ. ಒಡೆದದ್ದು, ಕಳೆದದ್ದು ಅಂತ ಸ್ಟಾಕ್ ಸರಿಮಾಡಿಕೊಂಡ ಸಾಲುಗಳು ಅವು. ಮಾರಾಟದ ಲೆಕ್ಕಕ್ಕೆ ಅವು ಸೇರುವುದಿಲ್ಲ.

ನಿಮ್ಮ -10 ಮತ್ತು -30 ಒಟ್ಟು 17 ಸಾಲು. ಅವುಗಳಲ್ಲಿ 15ಕ್ಕೆ, ಅದೇ ನೋಂದಣಿ ಸಂಖ್ಯೆಗೆ, ಅದೇ ದಿನ, ಅಷ್ಟೇ ಮಾತ್ರೆ ಪ್ಲಸ್‌ನಲ್ಲಿ ಕೊಟ್ಟ ಸಾಲು ಸ್ವಲ್ಪ ಮೇಲೆ ಸಿಕ್ಕಿತು. ಕೊಟ್ಟ ಮೇಲೆ ವಾಪಸ್ ಪಡೆದಿದ್ದಾರೆ, ಬಹುಶಃ ಬೇರೆ ಮಾತ್ರೆ ಕೊಡಲು. ಆ ಜೋಡಿಗಳನ್ನು ಹಾಗೇ ಇಟ್ಟು ಕೂಡಿಸಿ, ಒಟ್ಟು ಸರಿಬರುತ್ತದೆ. ಜೋಡಿ ಸಿಗದ ಎರಡು ಸಾಲು ಔಷಧಿ ಕೊಟ್ಟವರನ್ನೇ ಕೇಳಬೇಕು. -30 ಅನ್ನು 30 ಅಂತ ನೀವೇ ತಿದ್ದಿದರೆ, ಯಾರೋ ವಾಪಸ್ ಕೊಟ್ಟ ಮಾತ್ರೆ ನುಂಗಿದ ಲೆಕ್ಕಕ್ಕೆ ಹೋಗಬಹುದು.

ತಿದ್ದುವಾಗ `dob` ಕಾಲಂ ಮುಟ್ಟದೆ ಪಕ್ಕದಲ್ಲಿ `dob_fix` ಅಂತ ಹೊಸ ಕಾಲಂ ಮಾಡಿ, ಇನ್ನೊಂದರಲ್ಲಿ ಯಾಕೆ ತಿದ್ದಿದ್ದು ಅಂತ ಒಂದೆರಡು ಪದ ಬರೆಯಿರಿ. ರಿಜಿಸ್ಟರ್ ಇನ್ನೂ ಸಿಗುವಂತಿದ್ದರೆ ಮೊದಲು ನೋಡಬೇಕಾದದ್ದು 41 ಕೆಜಿಯ ಆ ಒಂದು ವರ್ಷದವರ ಸಾಲು, ಆಮೇಲೆ ವಯಸ್ಸು ಖಾಲಿ ಇರುವ 38.