ಚೀಟಿ ಪಾಸ್‌ಬುಕ್: ಡಿವಿಡೆಂಡ್ ಎರಡು ಸಲ ಲೆಕ್ಕಕ್ಕೆ ಬಂದಿದೆ

"1 ಲಕ್ಷದ ಚೀಟಿ, 20 ಕಂತೂ ಮುಗೀತು. ಕಟ್ಟಿದ್ದು 86,000, ಡಿವಿಡೆಂಡ್ 14,000, ಕೈಗೆ ಬಂದದ್ದು 75,000. ಹಾಗಾದ್ರೆ 3,000 ಲಾಭ ಅಲ್ವಾ?"

ಇಲ್ಲ, 11,000 ಕೈಯಿಂದ ಹೋಗಿದೆ. ನೀವು ಕಳಿಸಿದ ಚೀಟಿ ಪಾಸ್‌ಬುಕ್ ಫೋಟೋದಲ್ಲಿ 9ನೇ ಸಾಲು ನೋಡಿ. ಕಂತು 5,000, ಡಿವಿಡೆಂಡ್ 1,000, ಕಟ್ಟಿದ್ದು 4,000. ಡಿವಿಡೆಂಡ್ ನಿಮಗೆ ಬೇರೆಯಾಗಿ ಬಂದಿಲ್ಲ, ಕಂತಿನಲ್ಲೇ ಕಡಿತವಾಗಿದೆ. ಹಾಗಾಗಿ 86,000 ಅನ್ನೋದು ಡಿವಿಡೆಂಡ್ ಕಳೆದ ಮೇಲಿನ ಮೊತ್ತ. ಅದರಿಂದ 75,000 ಕಳೆದರೆ ಸಾಕು.

8ನೇ ತಿಂಗಳು ನೀವು 25,000 ಬಿಟ್ಟು ಚೀಟಿ ಎತ್ತಿದ್ದೀರಿ. ಅದರಲ್ಲಿ 5,000 ಕಮಿಷನ್, ಉಳಿದ 20,000 ಇಪ್ಪತ್ತು ಜನಕ್ಕೆ ಹಂಚಿಕೆ. 9ನೇ ಸಾಲಿನ ಆ 1,000 ಬಂದದ್ದು ಅಲ್ಲಿಂದಲೇ.

ಒಂದು ಮಾತ್ರ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ನೋಡಿಕೊಳ್ಳಿ. ನಿಜಕ್ಕೂ 75,000 ಜಮಾ ಆಗಿದೆಯಾ? ಜಿಎಸ್‌ಟಿ, ದಾಖಲೆ ಖರ್ಚು ಅಂತ ಹಿಡಿದುಕೊಂಡಿದ್ದರೆ ಅಷ್ಟನ್ನೂ 11,000ಕ್ಕೆ ಸೇರಿಸಿ.