ಕನ್ನಡ ಸಂದೇಶವನ್ನು ಹಿಂದಿ ದನಿ ಓದಿದರೆ

ಪ್ರಶ್ನೆ: ನಮ್ಮ ರೈತರ ಸಂಘದಿಂದ ಸದಸ್ಯರಿಗೆ ಆಟೊಮ್ಯಾಟಿಕ್ ಫೋನ್ ಕರೆ ಹೋಗುತ್ತೆ. ನಾವು ಕನ್ನಡದಲ್ಲೇ ಟೈಪ್ ಮಾಡ್ತೀವಿ. ಆದ್ರೆ ಅದು "ಹಾಸನ್", "ಬೇಲೇ" ಅಂತೆಲ್ಲ ಓದುತ್ತೆ. ವಯಸ್ಸಾದವರಿಗೆ ಅರ್ಥವೇ ಆಗಲ್ಲ. ಭಾಷೆ ಬದಲಿಸೋ ಬಟನ್ನು ನಮಗೆ ಕೊಟ್ಟಿಲ್ಲ. ಬರೆಯೋ ರೀತಿಯಲ್ಲೇ ಏನಾದ್ರೂ ಮಾಡಬಹುದಾ?

ಮಾಡಬಹುದು. ನಾನು ಹಾಸನದಲ್ಲಿ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೇನೆ. ಸುತ್ತಲಿನ ಕೆಲವು ಸೊಸೈಟಿಗಳಿಗೆ ಇಂಥ ಧ್ವನಿ ಸಂದೇಶ ಸಿದ್ಧ ಮಾಡಿಕೊಡುತ್ತೇನೆ. ಹಾಗಾಗಿ ಈ "ಹಾಸನ್" ನನಗೆ ಹಳೇ ಪರಿಚಯ.

ಮೊದಲು ನಿಮ್ಮ ಯಂತ್ರ ಯಾವ ಭಾಷೆಯಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ಅದಕ್ಕೆ ಒಂದು ಅಂಕಿ ಸಾಕು. "ಹಾಸನ 9 ಬೆಳೆ" ಅಂತ ಟೈಪ್ ಮಾಡಿ ನಿಮ್ಮದೇ ಫೋನಿಗೆ ಕರೆ ಕಳಿಸಿ. ಅಕ್ಷರಗಳನ್ನು ಯಂತ್ರ ಹೇಗೋ ತಡಕಾಡಿ ಓದಬಹುದು. ಅಂಕಿಯನ್ನು ಮಾತ್ರ ತನಗೆ ಹೊಂದಿಸಿರುವ ಭಾಷೆಯಲ್ಲೇ ಹೇಳುತ್ತದೆ. "ನೌ" ಅಂದರೆ ಹಿಂದಿ. "ತೊಮ್ಮಿದಿ" ಅಂದರೆ ತೆಲುಗು. ಕನ್ನಡ ಪದಗಳೆಲ್ಲ ಮಾಯವಾಗಿ ಬರೀ "ನೈನ್" ಕೇಳಿಸಿದರೆ ಇಂಗ್ಲಿಷ್. "ಒಂಬತ್ತು" ಅಂದರೆ ಭಾಷೆ ಸರಿಯಾಗೇ ಇದೆ, ತೊಂದರೆ ಬೇರೆ ಕಡೆ ಹುಡುಕಬೇಕು. ನೀವು ಹೇಳಿದ್ದನ್ನು ನೋಡಿದರೆ ನಿಮ್ಮದು ಹಿಂದಿಯೇ.

ಹಿಂದಿ ಯಂತ್ರಕ್ಕೆ ಕನ್ನಡ ಅಕ್ಷರ ಓದಲು ಹೇಗೆ ಬರುತ್ತೆ ಅಂತ ಅನ್ನಿಸಬಹುದು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ನಮ್ಮ ಲಿಪಿಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ಹಿಂದಿಯ ಕ ಅಕ್ಷರದ ಸಂಖ್ಯೆ `U+0915`, ಕನ್ನಡದ ಕ `U+0C95`. ಎರಡು ಲಿಪಿಗಳ ನಡುವಿನ ಅಂತರ ಹೆಚ್ಚುಕಡಿಮೆ ಎಲ್ಲ ಅಕ್ಷರಕ್ಕೂ ಇಷ್ಟೇ. ಹಾಗಾಗಿ ಕನ್ನಡದ ಸಾಲನ್ನು ದೇವನಾಗರಿಗೆ ಇಳಿಸಿಕೊಂಡು ಓದುವುದು ಯಂತ್ರಕ್ಕೆ ಸುಲಭ. ಎಲ್ಲ ಯಂತ್ರವೂ ಹೀಗೆ ಮಾಡುವುದಿಲ್ಲ, ಕೆಲವು ಸುಮ್ಮನಿದ್ದುಬಿಡುತ್ತವೆ. ನಿಮ್ಮದು ಇಳಿಸಿಕೊಳ್ಳುವ ಜಾತಿಯದು. ಅಕ್ಷರವೇನೋ ಸರಿಯಾಗಿ ಸಿಗುತ್ತೆ. ಓದುವ ನಿಯಮ ಮಾತ್ರ ಹಿಂದಿಯದು. ಎಡವಟ್ಟು ಅಲ್ಲಿ ಶುರು.

ಬರಹ ತಿದ್ದುವ ಮೊದಲು ಸೇವೆ ಕೊಡುವವರನ್ನು ಒಮ್ಮೆ ಕೇಳಿಬಿಡಿ. ಅವರ ಕಡೆ ಭಾಷೆಯ ಕೋಡ್ `kn-IN` ಆಗಿರಬೇಕು, ದನಿಯೂ ಕನ್ನಡದ್ದೇ ಆಯ್ಕೆ ಆಗಿರಬೇಕು. ಎರಡೂ ಬೇಕು. ಕೋಡ್ ಬದಲಿಸಿ ಹಿಂದಿ ದನಿಯನ್ನೇ ಉಳಿಸಿದರೆ ಎಷ್ಟೋ ಸಲ ಏನೂ ಬದಲಾಗುವುದಿಲ್ಲ. ಇನ್ನೊಂದು ವಿಷಯ, ಕೆಲವರು ಅಂದಾಜಿನ ಮೇಲೆ `ka` ಅಂತ ಹಾಕುತ್ತಾರೆ. ಅದು ಜಾರ್ಜಿಯನ್ ಭಾಷೆಯ ಕೋಡ್! ಅವರ ವ್ಯವಸ್ಥೆ ಟ್ಯಾಗ್, ಅಂದರೆ ಹೇಗೆ ಓದಬೇಕು ಅಂತ ಯಂತ್ರಕ್ಕೆ ಹೇಳುವ ಗುರುತು, ಒಪ್ಪುವುದಾದರೆ ಸಂದೇಶ ಹೀಗಿರಬೇಕು:

```xml
<speak version="1.0"
  xmlns="http://www.w3.org/2001/10/synthesis"
  xml:lang="kn-IN">
  ಹಾಸನ 9 ಬೆಳೆ
</speak>
```

ಅವರು "ಆಗಲ್ಲ ಸರ್" ಅಂದರೆ ಉಳಿದಿದ್ದು ಬರಹದ ದಾರಿ.

ಹಿಂದಿ ನಿಯಮದಲ್ಲಿ ನಮಗೆ ಜಾಸ್ತಿ ಕಾಟ ಕೊಡುವುದು ಪದದ ಕೊನೆಯ ಅ. ಹಿಂದಿಯಲ್ಲಿ ಅದನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಮರ ಹೋಗಿ ಮರ್ ಆಗುತ್ತದೆ, ಹಾಸನ ಹಾಸನ್ ಆಗುತ್ತದೆ. ಉದ್ದ ಪದವಾದರೆ ನಡುವಿನ ಅ ಕೂಡ ಹಾರಿಹೋಗುತ್ತದೆ. ಸಕಲೇಶಪುರ ಸಕ್ಲೇಶ್‌ಪುರ್ ಆಗುವುದು ಹೀಗೇ. ನಾವೂ ಮಾತಿನಲ್ಲಿ ಸ್ವರ ನುಂಗುತ್ತೇವೆ, ಅಲ್ವಾ? "ಹಾಸ್ನಕ್ಕೆ ಹೋಗಿದ್ದೆ" ಅಂತಲೇ ಅನ್ನುವುದು. ಆದರೆ ನಾವು ನುಂಗುವುದು ನಡುವಿನದು, ಕೊನೆಯದನ್ನು ಬಿಡುವುದಿಲ್ಲ. ಯಂತ್ರ ಕೊನೆಯದನ್ನೇ ಕತ್ತರಿಸುತ್ತದೆ, ಅದಕ್ಕೇ ಕಿವಿಗೆ ಪರಕೀಯವಾಗಿ ಕೇಳುವುದು. ಇದಕ್ಕೆ ಮದ್ದು ಸುಲಭ. ಕೊನೆಯ ಅಕ್ಷರಕ್ಕೆ ದೀರ್ಘ ಕೊಡಿ. "ಹಾಸನಾ" ಅಂತಲೋ, ಇನ್ನೂ ಚೆನ್ನಾಗಿ "ಹಾಸ್ನಾ" ಅಂತಲೋ ಬರೆಯಿರಿ. ಸ್ವಲ್ಪ ಎಳೆದ ಹಾಗೆ ಕೇಳುತ್ತದೆ, ಆದರೆ ನಮ್ಮ ಊರು ಅಂತ ಗೊತ್ತಾಗುತ್ತದೆ. ಇ, ಉ ಇಂದ ಮುಗಿಯುವ ಪದಕ್ಕೆ ಈ ತೊಂದರೆ ಇಲ್ಲ. ಬೇಲೂರು, ಕಾಫಿ, ರಾಗಿ ಎಲ್ಲ ಇದ್ದ ಹಾಗೇ ಬರುತ್ತವೆ.

ಎ ಮತ್ತು ಒ ವಿಷಯದಲ್ಲಿ ಇಷ್ಟು ಸುಲಭವಿಲ್ಲ. ಹಿಂದಿಯಲ್ಲಿ ಇವುಗಳ ಹ್ರಸ್ವ ರೂಪಕ್ಕೆ ಬೇರೆ ಅಕ್ಷರ ಬಳಕೆಯಲ್ಲಿಲ್ಲ, ಎಲ್ಲವೂ ಏ, ಓ ಆಗಿಬಿಡುತ್ತದೆ. "ಹಣ ಕೊಡಿ" ಅಂತ ಬರೆದರೆ "ಹಣ್ ಕೋಡಿ" ಅನ್ನುತ್ತದೆ. ಕೋಡಿ ಅಂದರೆ ನಮ್ಮ ಕಡೆ ರೈತರಿಗೆ ಕೆರೆ ತುಂಬಿ ಹರಿಯುವುದು ನೆನಪಾಗುತ್ತದೆ. ಇದನ್ನು ಕಾಗುಣಿತ ತಿದ್ದಿ ಸರಿಮಾಡಲು ಆಗುವುದಿಲ್ಲ, ಪದವನ್ನೇ ಬದಲಿಸಬೇಕು. ಕೊಡಿ ಬದಲು "ಕಟ್ಟಿ" ಅಥವಾ "ತನ್ನಿ". ಹಾಗಂತ ಎಲ್ಲ ಎ, ಒ ಹುಡುಕಿ ತೆಗೆಯಲು ಹೋಗಬೇಡಿ, ಕನ್ನಡವೇ ಉಳಿಯುವುದಿಲ್ಲ. ಪದದ ಕೊನೆಯಲ್ಲಿ ಎ ಎಳೆದರೆ ಯಾರಿಗೂ ಗೊಂದಲವಿಲ್ಲ. ಸಂಜೆ ಹೋಗಿ "ಸಂಜೇ" ಆದರೆ ಆಗಲಿ. ಮೊದಲ ಅಕ್ಷರದಲ್ಲಿ ಎಳೆದು ಅರ್ಥವೇ ಬದಲಾಗುವುದಾದರೆ ಮಾತ್ರ ತಲೆಕೆಡಿಸಿಕೊಳ್ಳಿ.

ಳ ಇದಕ್ಕಿಂತ ಅಪಾಯ. ಹಲವು ಹಿಂದಿ ದನಿಗಳು ಅದನ್ನು ಲ ಮಾಡುತ್ತವೆ. ಆಗ ಬೆಳೆ ಬೇಲೇ ಆಗಿ ಬೆಲೆಯಂತೆ ಕೇಳುತ್ತದೆ, ಹಾಳು ಹಾಲಾಗುತ್ತದೆ, ಹಳ್ಳಿ ಹಲ್ಲಿಯಾಗುತ್ತದೆ. ತಮಾಷೆ ಅನಿಸಬಹುದು. ಆದರೆ ತಪ್ಪಾದ ಪದವೂ ಕನ್ನಡದ ಪದವೇ ಆಗಿರುವುದರಿಂದ ಕೇಳಿದವರಿಗೆ ತಪ್ಪು ಅಂತ ಅನುಮಾನವೇ ಬರುವುದಿಲ್ಲ. ಚಿಕ್ಕಮಗಳೂರು ಕಡೆಯವರಿಗೆ "ಕಾಳುಮೆಣಸು ನೂರು ಕೆಜಿ" ಅಂತ ಕಳಿಸಿದರೆ "ಕಾಲು" ಅಂತ ಕೇಳಿಸುತ್ತದೆ. ಕಾಲು ಕೆಜಿಯೋ ನೂರು ಕೆಜಿಯೋ? ಬರೀ "ಮೆಣಸು" ಅಂದರೆ ಮಲೆನಾಡಿನಲ್ಲಿ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ.

ಐ, ಔ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಹಿಂದಿಯವರು ಇವನ್ನು ಬಾಯಿ ಅಗಲಿಸಿದ ಎ, ಒ ತರಹ ಹೇಳುತ್ತಾರೆ. ನಮ್ಮ ಹಾಗೆ "ಅಯ್", "ಅವ್" ಅನ್ನುವುದಿಲ್ಲ. ಹಾಗಾಗಿ ಐವತ್ತು "ಏವತ್ತು" ತರಹ ಬರುತ್ತದೆ. "ಅಯ್ವತ್ತು" ಅಂತ ಬಿಡಿಸಿ ಬರೆಯಿರಿ. ಅಂಕಿಗಳನ್ನಂತೂ ಅಕ್ಷರದಲ್ಲೇ ಬರೆಯಬೇಕು, ಇಲ್ಲದಿದ್ದರೆ 50 ಪಚಾಸ್ ಆಗುವುದು ಗ್ಯಾರಂಟಿ. ರೂ., ತಾ., ಡಾ. ಇಂಥ ಮೊಟಕು ಪದಗಳನ್ನೂ ಪೂರ್ತಿ ಬಿಡಿಸಿ.

ಈಗ ಒಂದು ಸಂದೇಶವನ್ನೇ ಹಿಡಿದು ನೋಡೋಣ. ಸಾಮಾನ್ಯವಾಗಿ ಬರೆಯುವುದು ಹೀಗೆ:

"ನಾಳೆ 9.30ಕ್ಕೆ ಹಾಸನ ಕಚೇರಿಯಲ್ಲಿ ಬೆಳೆ ವಿಮೆ ಸಭೆ. ಆಧಾರ್ ನಕಲು ಹಾಗೂ ರೂ. 50 ಕೊಡಿ."

ಹಿಂದಿ ದನಿಯಲ್ಲಿ ಕೇಳುವುದು ಹೆಚ್ಚುಕಡಿಮೆ ಹೀಗೆ: "ನಾಲೇ ನೌ ಪಾಯಿಂಟ್ ತೀಸ್ ಕ್ಕೇ ಹಾಸನ್ ಕಚೇರಿಯಲ್ಲಿ ಬೇಲೇ ವಿಮೇ ಸಭೇ. ಆಧಾರ್ ನಕಲು ಹಾಗೂ ರೂ ಪಚಾಸ್ ಕೋಡಿ." ಸಭೆ ಇದೆ ಅಂತ ಗೊತ್ತಾಗಬಹುದು. ಯಾವಾಗ, ಯಾವುದಕ್ಕೆ, ಎಷ್ಟು ದುಡ್ಡು ಅನ್ನುವುದೇ ಹೋಯಿತು. ನಾನಾದರೆ ಹೀಗೆ ಬರೆಯುತ್ತೇನೆ:

"ನಾಳೆ ಬುಧವಾರಾ, ಬೆಳಿಗ್ಗೆ ಒಂಬತ್ತೂವರೆ ಗಂಟೆಗೆ, ಹಾಸ್ನಾ ಆಫೀಸಲ್ಲಿ ಮೀಟಿಂಗು. ರಾಗಿ, ಆಲೂಗಡ್ಡೆ ವಿಮೆ ವಿಚಾರಾ. ಆಧಾರ್ ಜೆರಾಕ್ಸು, ಅಯ್ವತ್ತು ರೂಪಾಯಿ ತನ್ನಿ."

"ನಾಳೆ" ಇಲ್ಲೂ ನಾಲೇ ಅಂತಲೇ ಬರುತ್ತದೆ. ಅದಕ್ಕೇ ಪಕ್ಕದಲ್ಲಿ ವಾರ ಸೇರಿಸಿದ್ದು. ಒಂದು ಕೇಳಿಸದಿದ್ದರೆ ಇನ್ನೊಂದು ಹಿಡಿಯುತ್ತದೆ. "ಬೆಳೆ" ತೆಗೆದು ಬೆಳೆಯ ಹೆಸರನ್ನೇ ಹಾಕಿದೆ. ಜೋಳ ಸೇರಿಸಲಿಲ್ಲ, ಅದು "ಜೋಲ್" ಆಗುತ್ತದೆ. ಆಲೂಗಡ್ಡೆಯಲ್ಲಿ ಅರ್ಧ ಹಿಂದಿಯವರದ್ದೇ ಪದ, ಅದನ್ನು ಮಾತ್ರ ಯಂತ್ರ ಬಹಳ ಖುಷಿಯಿಂದ ಹೇಳುತ್ತದೆ! ಅಲ್ಪವಿರಾಮ ಜಾಸ್ತಿ ಹಾಕಿರುವುದೂ ಬೇಕಂತಲೇ. ಅಲ್ಲಿ ದನಿ ಒಂದು ಕ್ಷಣ ನಿಲ್ಲುತ್ತದೆ, ವಯಸ್ಸಾದವರಿಗೆ ಅಷ್ಟು ಬಿಡುವು ಬೇಕು.

ಕಳಿಸುವ ಮೊದಲು ಬರಹ ನೋಡದ ಒಬ್ಬರಿಗೆ ಕರೆ ಮಾಡಿ ಕೇಳಿಸಿ. "ಯಾವತ್ತು, ಎಷ್ಟು ಗಂಟೆಗೆ, ಏನು ತರಬೇಕು" ಅಂತ ಕೇಳಿ. ಬರೆದವರಿಗೆ ಎಲ್ಲವೂ ಸರಿಯಾಗೇ ಕೇಳುತ್ತದೆ, ನಿಮ್ಮ ಕಿವಿಯನ್ನು ನಂಬಬೇಡಿ.

ಈ ತಿದ್ದಿದ ಬರಹ ಕರೆಗೆ ಮಾತ್ರ. ಅದನ್ನೇ ಎಸ್ಸೆಮ್ಮೆಸ್ಸಿಗೋ ವಾಟ್ಸಾಪಿಗೋ ಹಾಕಬೇಡಿ. ಕಣ್ಣು ಕಾಣದ ಸದಸ್ಯರು ಫೋನಿನಲ್ಲಿ ಸರಿಯಾದ ಕನ್ನಡ ದನಿ ಇಟ್ಟುಕೊಂಡಿರುತ್ತಾರೆ. ಅವರಿಗೆ "ಹಾಸ್ನಾ", "ವಿಚಾರಾ" ಅಂತ ಎಳೆದು ಕೇಳಿಸಿ ನಾವೇ ಕೆಡಿಸಿದ ಹಾಗಾಗುತ್ತದೆ. ಒಂದು ಶೀಟಿನಲ್ಲಿ ಎರಡು ಕಾಲಂ ಮಾಡಿ. ಒಂದರಲ್ಲಿ ಸರಿಯಾದ ಬರಹ, ಪಕ್ಕದಲ್ಲಿ ಕರೆಯ ಬರಹ. ಮುಂದೆ ಸೇವೆಯವರು ಕನ್ನಡ ದನಿ ಕೊಟ್ಟರೆ ಮೊದಲ ಕಾಲಂ ಸಿದ್ಧವಾಗೇ ಇರುತ್ತದೆ.

"ನಮಸ್ಕಾರ, ಇದು ಸಂಘದ ಕಚೇರಿಯಿಂದ" ಅನ್ನುವಂಥ ಬದಲಾಗದ ಸಾಲನ್ನು ಯಂತ್ರಕ್ಕೆ ಕೊಡಲೇಬೇಡಿ. ಹೆಚ್ಚಿನ ಸೇವೆಗಳಲ್ಲಿ ಆಡಿಯೊ ಫೈಲ್ ಹಾಕಲು ಅವಕಾಶ ಇರುತ್ತದೆ. ನಿಮ್ಮ ಸೆಕ್ರೆಟರಿ ಹತ್ತಿರ ಓದಿಸಿ ರೆಕಾರ್ಡ್ ಮಾಡಿ. ಪರಿಚಯದ ದನಿ ಕೇಳಿದರೆ ಜನ ಫೋನ್ ಕಟ್ ಮಾಡುವುದೂ ಕಡಿಮೆ.

ಸದಸ್ಯರ ಹೆಸರು ಹಿಡಿದು ಕರೆಯುವ ಸೌಲಭ್ಯ ಇದ್ದರೆ ಹೆಸರುಗಳಿಗೂ ಒಂದು ಕಾಲಂ ಬೇಕು. ನಮ್ಮ ಜಿಲ್ಲೆಯಲ್ಲಿ ಪಟ್ಟಿ ತುಂಬ "ಗೌಡ" ಇರುತ್ತಾರೆ. ಹಿಂದಿ ದನಿ ಅದನ್ನು ಹೆಚ್ಚುಕಡಿಮೆ "ಗಾಡ್" ಮಾಡುತ್ತದೆ, ಔ ಕೂಡ ಹೋಯಿತು, ಕೊನೆಯ ಅ ಕೂಡ ಹೋಯಿತು. "ಗವ್ಡಾ" ಅಂತ ಬರೆದರೆ ಹತ್ತಿರ ಬರುತ್ತದೆ. ನಾನು "ಗವ್ಡ್ರು" ಅಂತಲೇ ಹಾಕುತ್ತೇನೆ. ಉ ಇಂದ ಮುಗಿಯುವುದರಿಂದ ಬಾಲ ಕತ್ತರಿಸಿ ಹೋಗುವುದಿಲ್ಲ, ಊರಲ್ಲಿ ಅವರನ್ನು ಕರೆಯುವುದೂ ಹಾಗೇ.