ತಟ್ಟೆಯ ಹೊಳಪಿಗೆ ಕೈ ಹಚ್ಚಬೇಡಿ

“ಸರ್, ಬಿಳಿ ಟೈಲ್ಸ್ ಮೇಲೆ ತೆಗೆದ ಅಕ್ಕಿರೊಟ್ಟಿ ಫೋಟೊವನ್ನು ಹಳೇ ಮರದ ಮೇಜಿನ ಮೇಲೆ ಕೂರಿಸುವುದು ಹೇಗೆ ಅಂತ ಲೇಖನ ಕಳಿಸಿದ್ದೇನೆ, ಚಿತ್ರವೂ ಇದೆ. ಪಿಂಗಾಣಿ ತಟ್ಟೆಯ ಹೊಳಪು ಕಣ್ಣಿಗೆ ಹೊಡೆಯುತ್ತಿತ್ತು, Highlights ಪೂರ್ತಿ ಇಳಿಸಿದೆ. ಆದರೂ ತಟ್ಟೆ ಅಂಟಿಸಿದ ಹಾಗೇ ಕಾಣುತ್ತೆ. ಪ್ರಕಟಿಸಬಹುದಾ?”

ಈಗಿರುವ ಹಾಗೆ ಆಗುವುದಿಲ್ಲ. ಮೊದಲ ಎರಡು ಪುಟ ಅಜ್ಜಿಮನೆಯ ಮೇಜಿನ ನೆನಪಿಗೇ ಹೋಗಿದೆ, ತೆಗೆದುಬಿಡಿ. ಹೊಳಪಿನ ವಿಷಯ ಒಂದೇ ಸಾಲು, ಆ ಸಾಲೂ ತಪ್ಪು.

ತಟ್ಟೆಯ ಎಡ ಅಂಚಿನ ಬಿಳಿ ಗೆರೆ ಕಿಟಕಿಯ ಪ್ರತಿಬಿಂಬ. ಕೆಳಗೆ ಟೈಲ್ಸ್ ಇದ್ದರೂ ಮರ ಇದ್ದರೂ ಕಿಟಕಿ ಅದೇ, ಗೆರೆಯೂ ಅದೇ ಇರಬೇಕು. ಅದನ್ನು ಇಳಿಸಿದ್ದಕ್ಕೇ ನಿಮ್ಮ ಪಿಂಗಾಣಿ ಸುಣ್ಣ ಬಳಿದ ಗೋಡೆಯಂತೆ ಮಂಕಾಗಿದೆ. ಬದಲಾಗಬೇಕಿದ್ದದ್ದು ಅಂಚಿನ ಕೆಳಮೈ. ಬಿಳಿ ಟೈಲ್ಸ್ ಬೆಳಕನ್ನು ಮೇಲಕ್ಕೆ ಎರಚಿ ಅಲ್ಲಿನ ನೆರಳನ್ನೇ ತಿಂದುಹಾಕಿದೆ. ಕಪ್ಪು ಮರದ ಮೇಲೆ ಅಷ್ಟು ಬೆಳಕು ಬರುವ ಮಾತೇ ಇಲ್ಲ, ಅದಕ್ಕೇ ತಟ್ಟೆ ತೇಲುತ್ತಿದೆ.

ಫೋಟೊಶಾಪಿನಲ್ಲಿ ಹೀಗೆ ಮಾಡಿ. Highlights ಸೊನ್ನೆಗೆ ತನ್ನಿ. ತಟ್ಟೆಯ ಲೇಯರ್ ಮೇಲೊಂದು ಹೊಸ ಲೇಯರ್ ತೆರೆದು, Create Clipping Mask ಒತ್ತಿ ಅದನ್ನು ತಟ್ಟೆಗಷ್ಟೇ ಕಟ್ಟಿ, Multiply ಮಾಡಿ, ಮರದಿಂದಲೇ ಆಯ್ದ ಕಂದುಬಣ್ಣವನ್ನು ಮೆತ್ತನೆ ಬ್ರಷ್‌ನಲ್ಲಿ ಕೆಳಮೈಗೆ ಮಾತ್ರ ಹಚ್ಚಿ. ಲೇಯರ್‌ನ Opacity ಶೇ. 20ರಿಂದ ಶುರುಮಾಡಿ, 30 ದಾಟಿದರೆ ತಟ್ಟೆ ಕೊಳಕಾಗಿ ಕಾಣುತ್ತದೆ. ಬಣ್ಣ ಹೊಳಪಿನ ಮೇಲೆ ಹರಿಯದಿರಲು ಆ ಲೇಯರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, Blend If ಕೆಳಗಿನ Underlying Layer ಪಟ್ಟಿಯ ಬಿಳಿ ಗುಂಡಿಯನ್ನು Alt ಒತ್ತಿ ಸೀಳಿ. ಎಡ ಅರ್ಧ 180ರಲ್ಲಿ, ಬಲ ಅರ್ಧ 230ರಲ್ಲಿ ನಿಲ್ಲಲಿ. 180ರಿಂದ ಕಂದು ಕರಗುತ್ತಾ ಹೋಗಿ 230ಕ್ಕೆ ಪೂರ್ತಿ ಮಾಯ. ಸೀಳದೆ ಎಳೆದರೆ ಹೊಳಪಿನ ಸುತ್ತ ಕತ್ತರಿಸಿದಂಥ ಗಡಿ ಮೂಡುತ್ತದೆ.

ನೆರಳು ಒಂದೇ ಹಾಕಿದ್ದೀರಿ, ಎರಡು ಬೇಕು. ತಟ್ಟೆಯ ಬುಡ ಮರಕ್ಕೆ ತಾಗುವಲ್ಲಿ ಕೂದಲೆಳೆಯಷ್ಟು ಗಾಢ ಗೆರೆ, ಕಿಟಕಿಗೆ ಎದುರು ಬಲಕ್ಕೆ ಹರಡಿ ಮಸುಕಾಗುವ ಅಗಲ ನೆರಳು. ನಿಮ್ಮ ಮರದ ಬಿರುಕುಗಳನ್ನು ಹತ್ತಿರದಿಂದ ನೋಡಿ: ಅವುಗಳ ಬಲ ಅಂಚು ಕಪ್ಪು, ಎಡ ಅಂಚು ಬೆಳಗಿದೆ. ಅಂದರೆ ಮೇಜಿಗೆ ಬೆಳಕು ಬಲದಿಂದ ಬಂದಿದೆ. ತಟ್ಟೆಗೆ ಬಂದಿರುವುದು ಎಡದಿಂದ, ಹಾಗಾಗಿ ಮರದ ಲೇಯರ್‌ಗೆ Flip Horizontal ಒತ್ತಿದರೆ ಸಾಕು. ಮರ ಹಳದಿಗೆ ತಿರುಗಿದ್ದರೆ ಮರದ ಬಣ್ಣವನ್ನೇ ತಿದ್ದಿ. ತಟ್ಟೆಯನ್ನು ಹಳದಿ ಮಾಡಿದರೆ ಕಿಟಕಿಯ ಗೆರೆಯೂ ಹಳದಿಯಾಗುತ್ತದೆ.

ಕೊನೆಗೆ “ಯಾವ ತಟ್ಟೆಗಾದರೂ ಸೈ” ಅಂದಿದ್ದೀರಿ. ಸ್ಟೀಲ್ ತಟ್ಟೆಗೆ ಇದು ನಡೆಯದು. ಅದರ ಅಂಚಿನಲ್ಲಿ ಟೈಲ್ಸ್‌ನ ಗೆರೆಗಳೇ ಕನ್ನಡಿಯಲ್ಲಿ ಕಂಡಂತೆ ಕಾಣುತ್ತವೆ, ಕಂದು ಹಚ್ಚಿದರೂ ಹೋಗುವುದಿಲ್ಲ. ಅಂಥ ಫೋಟೊವನ್ನು ಅದೇ ಕಿಟಕಿಯ ಪಕ್ಕ ಒಂದು ಹಲಗೆ ಹಾಸಿ ಮತ್ತೆ ತೆಗೆಯುವುದೇ ಸರಿ. ಇದನ್ನೂ ಸೇರಿಸಿ, ಮೊದಲಿನ ಮತ್ತು ತಿದ್ದಿದ ಅಂಚನ್ನು ದೊಡ್ಡದಾಗಿ ಅಕ್ಕಪಕ್ಕ ಇಟ್ಟು ಕಳಿಸಿ. ಆಮೇಲೆ ನೋಡೋಣ.